ಹೊರೆ ಹಾಕದೆಯೇ ಜೇಡಿಮಣ್ಣು ಕುಸಿಯುವುದೇಕೆ?

ಪ್ರಶ್ನೆ: ಅಂತರ್ಜಲ ಮಟ್ಟ ಇಳಿದರೆ ಜೇಡಿಮಣ್ಣಿನ ಪದರ ಎಷ್ಟು ಕುಸಿಯುತ್ತದೆ ಎಂಬ ಲೆಕ್ಕ ಪರೀಕ್ಷೆಯಲ್ಲಿ ಆಗಾಗ ಬರುತ್ತದೆ. ನೆಲದ ಮೇಲೆ ಹೊಸ ಕಟ್ಟಡವೇನೂ ಬಂದಿಲ್ಲ, ನೀರು ಹೋದ ಮೇಲೆ ಭಾರ ಕಡಿಮೆಯೇ ಆಗಿರಬೇಕು. ಹಾಗಿದ್ದರೂ ಕುಸಿತ ಏಕೆ? ಒತ್ತಡದ ಹೆಚ್ಚಳವನ್ನು ‘ಇಳಿದ ಎತ್ತರ × 9.81’ ಎಂದು ಬರೆದರೆ ಅಂಕ ಏಕೆ ಸಿಗುವುದಿಲ್ಲ?

ಉತ್ತರ: ಭಾರ ಕಡಿಮೆಯಾಗುತ್ತದೆ ಎಂಬ ನಿಮ್ಮ ಊಹೆ ಸರಿ. ಆದರೆ ಮಣ್ಣು ಕುಸಿಯುವುದು ಒಟ್ಟು ಒತ್ತಡವನ್ನು ನೋಡಿ ಅಲ್ಲ, ಕಣಗಳ ಪಾಲಿಗೆ ಬರುವ ಪರಿಣಾಮಕಾರಿ ಒತ್ತಡವನ್ನು (ಎಫೆಕ್ಟಿವ್ ಸ್ಟ್ರೆಸ್) ನೋಡಿ. ಒಟ್ಟು ಒತ್ತಡದಲ್ಲಿ ರಂಧ್ರಗಳ ನೀರು ಹೊತ್ತಿರುವ ಪಾಲನ್ನು ಕಳೆದರೆ ಉಳಿಯುವುದೇ ಅದು. ನೀರಿನ ಮಟ್ಟ ಇಳಿದಾಗ ಒಟ್ಟು ಒತ್ತಡ ಸ್ವಲ್ಪ ತಗ್ಗುತ್ತದೆ, ನೀರಿನ ಪಾಲು ಅದಕ್ಕಿಂತ ಬಹಳ ಹೆಚ್ಚು ತಗ್ಗುತ್ತದೆ. ಆ ವ್ಯತ್ಯಾಸ ಕಣಗಳ ಮೇಲೆ ಬೀಳುತ್ತದೆ.

ಒಂದು ಲೆಕ್ಕವನ್ನೇ ನೋಡೋಣ. ಮೇಲೆ 6 ಮೀಟರ್ ಮರಳು, ಅದರ ಕೆಳಗೆ 4 ಮೀಟರ್ ಜೇಡಿಮಣ್ಣು, ಅದರಡಿ ನೀರು ಜಿನುಗದ ಬಂಡೆ. ನೀರಿನ ಮಟ್ಟ 1 ಮೀಟರ್ ಆಳದಿಂದ 4 ಮೀಟರ್ ಆಳಕ್ಕೆ ಇಳಿಯುತ್ತದೆ. ಮರಳಿನ ಏಕಮಾನ ತೂಕ ನೀರಿನ ಮಟ್ಟದ ಮೇಲೆ 17, ಕೆಳಗೆ 20. ಜೇಡಿಮಣ್ಣಿನದು 18 (ಎಲ್ಲವೂ kN/m³). ಜೇಡಿಮಣ್ಣಿನ ನಡುಮಧ್ಯ, ಅಂದರೆ 8 ಮೀಟರ್ ಆಳದಲ್ಲಿ, ಒತ್ತಡಗಳು kPaನಲ್ಲಿ ಹೀಗಿವೆ:

```
ಮೊದಲು:  σ  = 1×17 + 5×20 + 2×18 = 153
        u  = 7×9.81 = 68.67
        σ' = 84.33
ನಂತರ:   σ  = 4×17 + 2×20 + 2×18 = 144
        u  = 4×9.81 = 39.24
        σ' = 104.76
```

ಹೆಚ್ಚಳ 20.43, ನೀವು ಬರೆದ 3 × 9.81 = 29.43 ಅಲ್ಲ. ನೀರು ಬಸಿದುಹೋದ 3 ಮೀಟರ್ ಮರಳು ತಾನೂ ಹಗುರಾಗಿ, ಪ್ರತಿ ಮೀಟರ್‌ಗೆ 3ರಂತೆ 9 kPa ಕಳೆದುಕೊಂಡಿದೆ. ಅದನ್ನು ಮರೆತದ್ದೇ ತಪ್ಪು. ಆ ಮರಳು ಲೋಮನಾಳ ಏರಿಕೆಯಿಂದ ಪೂರ್ತಿ ತೇವವಾಗಿಯೇ ಉಳಿಯುತ್ತದೆ ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಮಾತ್ರ ತೂಕ 20 ಆಗಿಯೇ ಇರುತ್ತದೆ, ಆಗ ನಿಮ್ಮ 29.43 ಸರಿಯಾದೀತು.

Cc = 0.32, ಆರಂಭದ ರಂಧ್ರಾನುಪಾತ e₀ = 0.9, ಮಣ್ಣು ಹಿಂದೆಂದೂ ಇದಕ್ಕಿಂತ ಹೆಚ್ಚಿನ ಒತ್ತಡ ಕಂಡಿಲ್ಲ ಎನ್ನೋಣ. ಆಗ ಕುಸಿತ:

```
S = (0.32/1.9) × 4 × log10(104.76/84.33) = 0.063 m
```

ಅಂದರೆ 63 ಮಿಲಿಮೀಟರ್. 29.43 ಹಾಕಿದ್ದರೆ 88 ಬರುತ್ತಿತ್ತು.

ಇದೇ ಲೆಕ್ಕದಲ್ಲಿ ಪರೀಕ್ಷಕರು ಇಷ್ಟಪಟ್ಟು ಕೇಳುವ ಉಪಪ್ರಶ್ನೆ ಇನ್ನೊಂದಿದೆ: ಮಟ್ಟ ಇಳಿದ ಕೂಡಲೇ ಜೇಡಿಮಣ್ಣಿನಲ್ಲಿ ಪರಿಣಾಮಕಾರಿ ಒತ್ತಡ ಎಷ್ಟು? ಉತ್ತರ 84.33, ಮೊದಲಿದ್ದಷ್ಟೇ. ಮರಳಿನಿಂದ ನೀರು ಬೇಗ ಹೋಗುತ್ತದೆ, ಜೇಡಿಮಣ್ಣಿನಿಂದ ಹೋಗುವುದಿಲ್ಲ. ಆ ಕ್ಷಣದಲ್ಲಿ ಒಟ್ಟು ಒತ್ತಡ 9 ಇಳಿದಿದೆ, ಜೇಡಿಯೊಳಗಿನ ನೀರಿನ ಒತ್ತಡವೂ ಅಷ್ಟೇ ಇಳಿದು 59.67ಕ್ಕೆ ನಿಂತಿದೆ. ಅಲ್ಲಿಂದ 39.24ಕ್ಕೆ ಇಳಿಯುವಷ್ಟು ಕಾಲವೇ ಕನ್ಸಾಲಿಡೇಷನ್‌ನ ಕಾಲ. ‘ಕೂಡಲೇ’, ‘ಬಹಳ ಕಾಲದ ನಂತರ’ ಎಂಬ ಪದಗಳನ್ನು ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ಪೆನ್ಸಿಲ್‌ನಿಂದ ಗೆರೆ ಎಳೆದುಕೊಳ್ಳಿ.

ಆ ಕಾಲವನ್ನು ಲೆಕ್ಕ ಹಾಕುವಾಗ ದಪ್ಪದ ಗೊಂದಲ ಬರುತ್ತದೆ. ಕುಸಿತದ ಸೂತ್ರದಲ್ಲಿ ಯಾವಾಗಲೂ ಪದರದ ಪೂರ್ತಿ ದಪ್ಪ. ಕಾಲದ ಸೂತ್ರದಲ್ಲಿ ಬರುವುದು ನೀರು ಹೊರಬರಲು ಸಾಗಬೇಕಾದ ಅತಿ ದೂರದ ಹಾದಿ. ಇಲ್ಲಿ ಕೆಳಗೆ ಬಂಡೆಯಿರುವುದರಿಂದ ದಾರಿ ಮೇಲಕ್ಕೆ ಮಾತ್ರ, ಹಾಗಾಗಿ ಅದು 4 ಮೀಟರ್. cv ವರ್ಷಕ್ಕೆ 2 m² ಇದ್ದರೆ, ಅರ್ಧದಷ್ಟು ಕುಸಿತಕ್ಕೆ ಬೇಕಾದ ಕಾಲ 0.197 × 4² / 2, ಸುಮಾರು 1.58 ವರ್ಷ. ಬಂಡೆಯ ಬದಲು ಜಲ್ಲಿ ಪದರವಿದ್ದರೆ ಹಾದಿ 2 ಮೀಟರ್, ಕಾಲ ನಾಲ್ಕನೇ ಒಂದು ಭಾಗ. ಆದರೆ ಜಲ್ಲಿಯೊಳಗಿನ ನೀರಿನ ಒತ್ತಡವೂ ಅಷ್ಟೇ ಇಳಿದಿದೆ ಎಂದು ಪ್ರಶ್ನೆಯಲ್ಲಿ ಇರಬೇಕು. ಅದು ಇಳಿಯದಿದ್ದರೆ ಜೇಡಿಯ ತಳದಲ್ಲಿ ನೀರಿನ ಒತ್ತಡ ಹಾಗೆಯೇ ಉಳಿದು, ಮೇಲಿನ ಲೆಕ್ಕವೇ ಬದಲಾಗುತ್ತದೆ.

ಕೊನೆಗೆ, ನೀರು ಮತ್ತೆ 1 ಮೀಟರ್‌ಗೆ ಏರಿ ಇನ್ನೊಮ್ಮೆ 4 ಮೀಟರ್‌ಗೆ ಇಳಿದರೆ? ಮೊದಲ ಸಲ ಕನ್ಸಾಲಿಡೇಷನ್ ಪೂರ್ತಿಯಾಗಿದ್ದರೆ ಮಣ್ಣು 104.76 kPa ಅನ್ನು ಆಗಲೇ ಕಂಡಿದೆ. ಆದ್ದರಿಂದ Cc ಜಾಗದಲ್ಲಿ ಮರುಸಂಕೋಚನದ ಸೂಚಿ Cr ಬಳಸಬೇಕು. ಅದು 0.05 ಇದ್ದರೆ ಎರಡನೆಯ ಸಲದ ಕುಸಿತ ಸುಮಾರು 10 ಮಿಲಿಮೀಟರ್ ಮಾತ್ರ.