ಹಳದಿ ಉರಿ ಎದ್ದರೆ ಪಂಪ್ ಮುಟ್ಟಬೇಡಿ

ಸೀಮೆಎಣ್ಣೆ ಆವಿಯಾಗಿ ನಿಪ್ಪಲ್‌ನಿಂದ ಹೊರಬಂದರೆ ಮಾತ್ರ ಪಂಪ್ ಸ್ಟೋವ್ ನೀಲಿಯಾಗಿ ಉರಿಯುತ್ತದೆ. ಆವಿಯಾಗಬೇಕಾದರೆ ಬರ್ನರ್ ಮೊದಲೇ ಚೆನ್ನಾಗಿ ಕಾದಿರಬೇಕು. ಅರೆಬರೆ ಕಾದಿದ್ದರೆ ಎಣ್ಣೆ ದ್ರವವಾಗಿಯೇ ಚಿಮ್ಮಿ, ಮೊಳದೆತ್ತರಕ್ಕೆ ಹೊಗೆ ಕಾರುವ ಹಳದಿ ಉರಿ ಏಳುತ್ತದೆ.

ಗೋವಾದ ಜುವಾರಿನಗರದಲ್ಲಿ ಮಳೆಗಾಲದ ಒಂದು ಬೆಳಿಗ್ಗೆ ಎಂದುಕೊಳ್ಳಿ. ಕೆಲಸಕ್ಕೆ ಹೊರಡುವ ಅವಸರ, ಬಾಗಿಲಿನಿಂದ ಬೀಸುವ ಗಾಳಿ. ಬರ್ನರ್ ಕಾಯಿಸಲೆಂದು ಅದರ ಬುಡದ ಬಟ್ಟಲಿಗೆ ಹಾಕಿದ ಸ್ಪಿರಿಟ್ ಅರ್ಧ ಉರಿಯುವಷ್ಟರಲ್ಲೇ ಹತ್ತು ಸಲ ಪಂಪ್ ಹೊಡೆದರೆ ಹಳದಿ ಉರಿ ಏಳದೆ ಇರದು. ನಿಪ್ಪಲ್‌ನ ತೂತು ಕಟ್ಟಿಕೊಂಡಿದೆಯೆಂದು ತಿಳಿದು ಇನ್ನಷ್ಟು ಹೊಡೆದರೆ, ಉರಿಗೆ ಎಣ್ಣೆ ಸುರಿದಂತೆಯೇ.

ಸರಿಯಾದ ಕ್ರಮ ಹೀಗೆ. ಸ್ಟೋವ್ ತಣ್ಣಗಿದ್ದಾಗ ಟ್ಯಾಂಕಿನ ಮುಕ್ಕಾಲು ಭಾಗ ಮಾತ್ರ ಎಣ್ಣೆ ತುಂಬಿ. ಮೇಲಿನ ಜಾಗ ಗಾಳಿಗೆ ಬೇಕು. ಗಾಳಿ ಸ್ಕ್ರೂ ಸಡಿಲವಾಗಿಯೇ ಇರಲಿ. ಬಟ್ಟಲನ್ನು ಅಂಚಿನವರೆಗೆ ತುಂಬದೆ ಸ್ಪಿರಿಟ್ ಹಾಕಿ, ಬಾಟಲಿಯನ್ನು ದೂರವಿಟ್ಟು ಹೊತ್ತಿಸಿ. ಆ ಜ್ವಾಲೆ ಇನ್ನೇನು ಆರುತ್ತದೆ ಎನ್ನುವಾಗ ಸ್ಕ್ರೂ ಬಿಗಿದು ಎರಡು ಮೂರು ಸಲ ಪಂಪ್ ಹೊಡೆಯಿರಿ. ಭುಸ್ ಎಂದು ನೀಲಿ ಉರಿ ಹಿಡಿದ ಮೇಲೆ ಬೇಕಾದಷ್ಟು ಗಾಳಿ ತುಂಬಬಹುದು. ಹಳದಿ ಬಂದರೆ ತಕ್ಷಣ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಿ, ಉರಿ ಆರುವವರೆಗೆ ಕಾಯಿರಿ. ಬರ್ನರ್ ತಣ್ಣಗಾಗದೆ ಮತ್ತೆ ಸ್ಪಿರಿಟ್ ಸುರಿಯಬೇಡಿ. ಬಿಸಿ ಬಟ್ಟಲಿಗೆ ಬಿದ್ದ ಸ್ಪಿರಿಟ್ ಆವಿಯಾಗಿ, ಉರಿ ಕೈಯಲ್ಲಿರುವ ಬಾಟಲಿಯವರೆಗೂ ಓಡುತ್ತದೆ. ಸ್ಪಿರಿಟ್ ಉಳಿಸಲು ನಿಪ್ಪಲ್‌ನಿಂದಲೇ ಸೀಮೆಎಣ್ಣೆ ಉಕ್ಕಿಸಿ ಬಟ್ಟಲು ತುಂಬುವ ರೂಢಿಯೂ ಉಂಟು. ಉಳಿತಾಯ ನಾಲ್ಕು ಕಾಸಿನದು, ಆದರೆ ಬಟ್ಟಲು ತುಂಬಿ ತುಳುಕಿದ ಎಣ್ಣೆ ಟ್ಯಾಂಕಿನ ಮೇಲೆ ಹರಿದು ಅಲ್ಲೇ ಹೊತ್ತಿಕೊಳ್ಳುತ್ತದೆ.

'ಸ್ಟೋವ್ ಸಿಡಿಯಿತು' ಎನ್ನುವ ಅವಘಡಗಳಲ್ಲಿ ಟ್ಯಾಂಕ್ ಒಡೆಯದೆಯೂ ಮೈ ಸುಡಬಹುದು. ಉರಿಯುತ್ತಿರುವಾಗಲೇ ಎಣ್ಣೆ ತುಂಬಲು ಮುಚ್ಚಳ ತಿರುಗಿಸಿದರೆ, ಒತ್ತಡದಲ್ಲಿದ್ದ ಬಿಸಿ ಎಣ್ಣೆ ತುಂತುರಾಗಿ ಚಿಮ್ಮಿ ಬರ್ನರಿನ ಉರಿಯಿಂದ ಹೊತ್ತಿಕೊಳ್ಳುತ್ತದೆ. ನೈಲಾನ್ ಸೀರೆಯಾದರೆ ಕರಗಿ ಮೈಗಂಟುತ್ತದೆ.

ನಿಜವಾಗಿ ಒಡೆಯುವುದು ಟ್ಯಾಂಕ್ ಕಾದಾಗ. ಗಾಳಿಗೆ ಅಡ್ಡವಾಗಿ ಸುತ್ತ ಇಟ್ಟಿಗೆ ಒತ್ತಾಗಿಟ್ಟು, ಮೇಲೆ ಜೋಳದ ರೊಟ್ಟಿಯ ಅಗಲವಾದ ಹಂಚು ಹಾಕಿದರೆ ಶಾಖವೆಲ್ಲ ಕೆಳಕ್ಕೆ ತಿರುಗುತ್ತದೆ. ಒಳಗಿನ ಒತ್ತಡ ತಾನಾಗಿ ಏರಿ, ಹಳೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಎಣ್ಣೆಗೆ ಪೆಟ್ರೋಲ್ ಬೆರೆತಿದ್ದರೆ ಅಷ್ಟು ಕಾಯುವುದೂ ಬೇಡ. ಟ್ಯಾಂಕಿನ ಮೇಲೆ ಅಂಗೈ ಇಡಲಾಗದಷ್ಟು ಬಿಸಿಯಾದರೆ ಒಲೆ ಆರಿಸಬೇಕು.

ಪಂಪಿನ ಹಿಡಿ ತಾನಾಗಿಯೇ ಮೇಲಕ್ಕೆ ಬರುತ್ತಿದ್ದರೆ ಪಂಪಿನ ತಳದ ವಾಲ್ವ್ ಕೆಟ್ಟಿದೆ, ಎಣ್ಣೆ ಪಂಪಿನೊಳಗೆ ನುಗ್ಗುತ್ತಿದೆ ಎಂದರ್ಥ. ಅಂಥ ಸ್ಟೋವನ್ನು ರಿಪೇರಿಯವನಿಗೆ ಕೊಡುವವರೆಗೆ ಹೊತ್ತಿಸಕೂಡದು.