ಮೊಮ್ಮಗು ಹುಟ್ಟಿದ ದಿನ ಕಾಡಿಗೆ ಹೊರಡಬೇಕೆ?

ಕಳೆದ ತಿಂಗಳು ನೆಂಟರೊಬ್ಬರ ನಿವೃತ್ತಿ ಸಮಾರಂಭಕ್ಕೆ ಹೋಗಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಮಾತಿಗೆ ನಿಂತ ಹಿರಿಯರು ಹೇಳಿದರು: "ನಮ್ಮ ಪೂರ್ವಿಕರು ನೂರು ವರ್ಷ ಬದುಕುತ್ತಿದ್ದರು. ಅದಕ್ಕೇ ಬ್ರಹ್ಮಚರ್ಯಕ್ಕೆ 25, ಗೃಹಸ್ಥಕ್ಕೆ 25, ವಾನಪ್ರಸ್ಥಕ್ಕೆ 25, ಸಂನ್ಯಾಸಕ್ಕೆ 25 ಅಂತ ವೈಜ್ಞಾನಿಕವಾಗಿ ಹಂಚಿದ್ದರು." ಸಭೆ ಚಪ್ಪಾಳೆ ತಟ್ಟಿತು. ಇದೇ ಲೆಕ್ಕ ವಾಟ್ಸಾಪಿನಲ್ಲೂ ವಾರಕ್ಕೊಮ್ಮೆ ಬರುತ್ತದೆ. ಈ ಲೆಕ್ಕ ತಪ್ಪು. ಅದು ಹೇಗೆ ತಪ್ಪು ಅಂತ ನೋಡುತ್ತಾ ಹೋದರೆ, ಆ ನಾಲ್ಕೇ ಪದಗಳಿಗಿಂತ ಎಷ್ಟೋ ಸ್ವಾರಸ್ಯದ ವಿಷಯ ಕೈಗೆ ಸಿಗುತ್ತದೆ.

ಮೊದಲು ಮೂಲ ನೋಡೋಣ. ಮನುಸ್ಮೃತಿ ಆಯುಸ್ಸಿನ ಮೊದಲ ಕಾಲು ಭಾಗವನ್ನು ಗುರುವಿನ ಬಳಿ, ಎರಡನೆಯದನ್ನು ಮನೆಯಲ್ಲಿ ಕಳೆಯಬೇಕು ಅನ್ನುತ್ತದೆ. ಕಾಲು ಭಾಗ ಅನ್ನುತ್ತದೆಯೇ ಹೊರತು 25 ಅನ್ನುವುದಿಲ್ಲ. ಅದೇ ಗ್ರಂಥ ಮೂರು ವೇದಗಳ ಅಧ್ಯಯನಕ್ಕೆ 36 ವರ್ಷ ಗುರುಕುಲವಾಸ ಹೇಳುತ್ತದೆ. ಇಲ್ಲವೇ ಅದರ ಅರ್ಧ, ಅದರ ಕಾಲು, ಅಥವಾ ಕಲಿತು ಮುಗಿಯುವವರೆಗೆ. ಎಂಟಕ್ಕೆ ಉಪನಯನವಾದ ಹುಡುಗ 36 ವರ್ಷ ಓದಿದರೆ ಗುರುಕುಲ ಬಿಡುವಾಗ ಅವನಿಗೆ 44. ನಾಲ್ಕು ಇಪ್ಪತ್ತೈದುಗಳ ಪಟ್ಟಿ ಅಲ್ಲೇ ಮುರಿದುಬೀಳುತ್ತದೆ. ಅದೂ ಅಲ್ಲದೆ, ತಾನು ಎಷ್ಟು ವರ್ಷ ಬದುಕುತ್ತೇನೆ ಎಂದು ಗೊತ್ತಿಲ್ಲದವನು ಆಯುಸ್ಸಿನ ಕಾಲು ಭಾಗವನ್ನು ಅಳೆಯುವುದಾದರೂ ಹೇಗೆ?

ಕಾಡಿಗೆ ಹೊರಡುವ ಹೊತ್ತು ಬಂದಾಗ ಮನುಸ್ಮೃತಿ ವಯಸ್ಸನ್ನು ಎಣಿಸುವುದೇ ಇಲ್ಲ. ಆರನೇ ಅಧ್ಯಾಯದ ಎರಡನೇ ಶ್ಲೋಕ ಕೊಡುವುದು ಲಕ್ಷಣಗಳನ್ನು: ಗೃಹಸ್ಥನು ತನ್ನ ಮೈಯಲ್ಲಿ 'ವಲೀಪಲಿತ', ಅಂದರೆ ಸುಕ್ಕು ಮತ್ತು ನರೆ, ಹಾಗೂ 'ಅಪತ್ಯಸ್ಯ ಅಪತ್ಯಂ', ಮಗುವಿನ ಮಗುವನ್ನು ಕಂಡಾಗ ಅರಣ್ಯವನ್ನು ಆಶ್ರಯಿಸಲಿ. ಸುಕ್ಕು, ನರೆ, ಮೊಮ್ಮಗು. ರೈತ ಪಂಚಾಂಗ ನೋಡದೆ ತೆನೆಯ ಬಣ್ಣ ನೋಡಿ ಕೊಯ್ಲು ಮಾಡುವ ಹಾಗೆ.

ಇನ್ನೂ ಹಿಂದಕ್ಕೆ ಹೋದರೆ ಮೆಟ್ಟಿಲುಗಳೇ ಇಲ್ಲ. ಮನುವಿಗಿಂತ ಹಳೆಯದಾದ ಗೌತಮ ಧರ್ಮಸೂತ್ರದಲ್ಲಿ ಬರುವ ಮಾತು 'ಆಶ್ರಮವಿಕಲ್ಪ'. ಓದು ಮುಗಿಸಿದವನು ಈ ನಾಲ್ಕರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು ಎಂದು ಕೆಲವರು ಹೇಳುತ್ತಾರೆ, ಅನ್ನುತ್ತದೆ ಆ ಸೂತ್ರ. ಆರಿಸಿಕೊಂಡದ್ದು ಬದುಕಿಡೀ ನಡೆಸುವ ದಾರಿ. ಜೀವಮಾನವಿಡೀ ಬ್ರಹ್ಮಚಾರಿಯಾಗಿಯೇ ಇದ್ದುಬಿಡುವುದೂ ಅದರಲ್ಲೊಂದು. ಕೊನೆಗೆ ಗೌತಮ, ಆಚಾರ್ಯರ ಮತದಲ್ಲಿ ಇರುವುದು ಒಂದೇ ಆಶ್ರಮ, ಗೃಹಸ್ಥಾಶ್ರಮ ಎಂದೂ ದಾಖಲಿಸುತ್ತಾನೆ. ನಾಲ್ಕು ಬೇರೆ ಬೇರೆ ದಾರಿಗಳನ್ನು ಒಂದರ ಮೇಲೊಂದು ಜೋಡಿಸಿ ಏಣಿ ಮಾಡಿದ್ದು ಆಮೇಲಿನ ಕೆಲಸ. ಆ ಏಣಿಯನ್ನೂ ಎಲ್ಲರೂ ಹತ್ತಲಿಲ್ಲ. ಶಂಕರರು, ನಮ್ಮ ಉಡುಪಿಯ ಮಧ್ವರು ನೇರವಾಗಿ ಬ್ರಹ್ಮಚರ್ಯದಿಂದಲೇ ಸಂನ್ಯಾಸಕ್ಕೆ ಹೋದವರು. ವೈರಾಗ್ಯ ಹುಟ್ಟಿದ ದಿನವೇ ಹೊರಡು ಎನ್ನುವ ಜಾಬಾಲೋಪನಿಷತ್ತಿನ ಮಾತು ಅಂಥವರಿಗೆ ಆಧಾರ. ವಾನಪ್ರಸ್ಥವನ್ನಂತೂ ಮಧ್ಯಯುಗದ ಧರ್ಮಶಾಸ್ತ್ರಕಾರರು ಕಲಿವರ್ಜ್ಯ, ಕಲಿಯುಗದಲ್ಲಿ ಮಾಡಬಾರದ್ದು, ಎಂಬ ಪಟ್ಟಿಗೇ ಸೇರಿಸಿಬಿಟ್ಟರು. ಮತ್ತೆ ಇದೆಲ್ಲವೂ ಮೂರು ವರ್ಣಗಳ ಗಂಡಸರಿಗೆ ಹೇಳಿದ್ದು. ಊರಿನ ಬಹುಪಾಲು ಜನ ಈ ಲೆಕ್ಕದಲ್ಲೇ ಇರಲಿಲ್ಲ.

ಇನ್ನು ನೂರು ವರ್ಷದ ಮಾತು. 'ಪಶ್ಯೇಮ ಶರದಃ ಶತಂ', ನೂರು ಶರತ್ಕಾಲಗಳನ್ನು ನೋಡೋಣ ಎನ್ನುವುದು ಪ್ರಾರ್ಥನೆ. ಆಗಲೇ ಕೈಯಲ್ಲಿ ಇರುವುದನ್ನು ಯಾರೂ ಕೊಡು ಎಂದು ಬೇಡುವುದಿಲ್ಲ.

ಆದರೆ ಇದಕ್ಕೆ ಎದುರಾಗಿ ವಿಚಾರವಾದಿ ಗೆಳೆಯರು ಇನ್ನೊಂದು ತಪ್ಪು ಮಾಡುತ್ತಾರೆ. "ಸ್ವಾತಂತ್ರ್ಯ ಬಂದಾಗಲೇ ಭಾರತೀಯರ ಸರಾಸರಿ ಆಯುಸ್ಸು 32 ಇತ್ತು, ಹಿಂದಿನವರೆಲ್ಲ ಮೂವತ್ತಕ್ಕೇ ಸಾಯುತ್ತಿದ್ದರು, ವಾನಪ್ರಸ್ಥಕ್ಕೆ ಜನ ಎಲ್ಲಿದ್ದರು?" ಅನ್ನುತ್ತಾರೆ. 32 ಎಂಬ ಅಂಕಿ ಸರಿ, ಅದನ್ನು ಓದಿದ ರೀತಿ ಸರಿಯಿಲ್ಲ. ಹತ್ತು ತೆಂಗಿನ ಸಸಿ ನೆಟ್ಟಿರಿ ಅಂತಿಟ್ಟುಕೊಳ್ಳಿ. ನಾಲ್ಕು ಮೊದಲ ಬೇಸಗೆಯಲ್ಲೇ ಒಣಗಿದವು, ಉಳಿದ ಆರು ಐವತ್ತೈದು ವರ್ಷ ಬದುಕಿದವು. ನಾಲ್ಕರದ್ದು ಒಂದೊಂದು ವರ್ಷದಂತೆ ನಾಲ್ಕು, ಆರರದ್ದು 330, ಒಟ್ಟು 334. ಹತ್ತರಿಂದ ಭಾಗಿಸಿದರೆ ಸರಾಸರಿ 33.4. ಆದರೆ ಆ ತೋಟದಲ್ಲಿ ಮೂವತ್ತಮೂರನೇ ವರ್ಷಕ್ಕೆ ಸತ್ತ ಮರ ಒಂದೂ ಇಲ್ಲ! ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಮಳೆ ಆ ಎರಡೂ ಊರುಗಳಲ್ಲಿ ಬೀಳುವುದಿಲ್ಲವಲ್ಲ, ಹಾಗೆ. ಎಳೆಯ ಮಕ್ಕಳ ಸಾವು ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ಬಾಲ್ಯ ದಾಟಿದವರ ಕಥೆಯೇ ಬೇರೆ.

ಇದಕ್ಕೆ ಒಳ್ಳೆಯ ಪುರಾವೆ 2007ರಲ್ಲಿ ಮೈಕೇಲ್ ಗರ್ವೆನ್ ಮತ್ತು ಹಿಲರ್ಡ್ ಕಪ್ಲಾನ್ ಎಂಬ ಮಾನವಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ. ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುವ ಸಮುದಾಯಗಳ ಜನನ ಮರಣದ ಲೆಕ್ಕಗಳನ್ನು ಅವರು ಒಟ್ಟುಗೂಡಿಸಿದರು. ದೊಡ್ಡವರಾದ ಮೇಲೆ ಅತಿ ಹೆಚ್ಚು ಸಾವು ಬೀಳುತ್ತಿದ್ದ ವಯಸ್ಸು ಸುಮಾರು 72. ಆಸ್ಪತ್ರೆ, ಲಸಿಕೆ, ನಲ್ಲಿ ನೀರು ಯಾವುದೂ ಇಲ್ಲದ ಕಡೆ! ಸುಕ್ಕು, ನರೆ, ಮೊಮ್ಮಗು ಮೂರನ್ನೂ ಕಂಡವರು ಮನುವಿನ ಕಾಲದಲ್ಲಿ ಖಂಡಿತ ಇದ್ದರು. ಹುಟ್ಟಿದವರೆಲ್ಲರೂ ಅಲ್ಲಿಯವರೆಗೆ ಬರುತ್ತಿರಲಿಲ್ಲ, ಅಷ್ಟೆ.

ಈಗ ಆ ಮೊಮ್ಮಗುವಿನ ಗಡಿಯಾರವನ್ನೇ ನಮ್ಮ ಮನೆಯಲ್ಲಿ ಓಡಿಸಿ ನೋಡಿ. ನಮ್ಮ ತಾತನಿಗೆ 22ಕ್ಕೆ ಮೊದಲ ಮಗಳು, ನನ್ನ ಸೋದರತ್ತೆ. ಅತ್ತೆಗೆ 18ಕ್ಕೆ ಮಗು. ಅಂದರೆ 40ಕ್ಕೇ ಅವರು ತಾತ. ಅಪ್ಪನಿಗೆ 28ಕ್ಕೆ ಅಕ್ಕ ಹುಟ್ಟಿದಳು, ಅಕ್ಕನಿಗೆ 29ಕ್ಕೆ ಮಗ. ಅಪ್ಪ ತಾತನಾದದ್ದು 57ಕ್ಕೆ. ನನ್ನ ಮಗ ಹುಟ್ಟಿದಾಗ ನನಗೆ 33. ಅವನೂ ಅದೇ ವಯಸ್ಸಿಗೆ ತಂದೆಯಾದರೆ ನನಗೆ 66 ಆಗಿರುತ್ತದೆ. ಮೂರು ತಲೆಮಾರಿನಲ್ಲಿ ಕಾಡಿನ ಬಾಗಿಲು 26 ವರ್ಷ ಹಿಂದೆ ಸರಿದಿದೆ. ಸರ್ಕಾರಿ ನೌಕರಿಯ ನಿವೃತ್ತಿ ಮಾತ್ರ ವಯಸ್ಸನ್ನೇ ಎಣಿಸುತ್ತದೆ.

ವಯಸ್ಸನ್ನು ಎಣಿಸುವ ಬದಲು ಲಕ್ಷಣ ನೋಡು ಅನ್ನುವ ಈ ಕ್ರಮಕ್ಕೆ ಇಂದಿನ ಮನೋವಿಜ್ಞಾನದಲ್ಲೂ ಒಂದು ಜೊತೆ ಇದೆ. ಎರಿಕ್ ಎರಿಕ್ಸನ್ 1950ರಲ್ಲಿ ಎಂಟು ಹಂತಗಳ ಬದುಕನ್ನು ಚಿತ್ರಿಸಿದಾಗ, ನಾಲ್ಕು ಆಶ್ರಮಗಳನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಶುರುವಾಯಿತು. ನಮ್ಮವರೇ ಆದ ಸುಧೀರ್ ಕಕ್ಕರ್ 1968ರಲ್ಲಿ ಆ ಹೋಲಿಕೆ ಮಾಡಿದರು. ಅದು ಹಂತಕ್ಕೆ ಹಂತ ಹೊಂದಿಸುವ ಕೆಲಸ. ನನಗೆ ಹೆಚ್ಚು ಹಿಡಿಸಿದ್ದು ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್ಸ್ಟೆನ್‌ಸನ್ ಕೇಳಿದ ಒಂದು ಪುಟ್ಟ ಪ್ರಶ್ನೆ.

ಪ್ರಶ್ನೆ ಇದು: ನಿಮಗೆ ಅರ್ಧ ಗಂಟೆ ಬಿಡುವಿದೆ. ಯಾರ ಜೊತೆ ಕಳೆಯುತ್ತೀರಿ? ಮನೆಯವರೊಬ್ಬರು, ಇತ್ತೀಚೆಗೆ ಪರಿಚಯವಾಗಿ ಹಿಡಿಸಿದವರೊಬ್ಬರು, ಈಗಷ್ಟೇ ಓದಿದ ಪುಸ್ತಕದ ಲೇಖಕರು, ಈ ಮೂವರಲ್ಲಿ ಒಬ್ಬರನ್ನು ಆರಿಸಿ. ಎಳೆಯರ ಆಯ್ಕೆ ಮೂರರ ಮೇಲೂ ಹರಡಿತ್ತು. ವಯಸ್ಸಾದವರು ಬಹುಪಾಲು ಮನೆಯವರನ್ನೇ ಆರಿಸಿದರು. ಇದು ವಯಸ್ಸಿನ ಗುಣ ಅಂದುಕೊಳ್ಳುವುದು ಸುಲಭ. ಅದಕ್ಕೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ನೀವು ಸದ್ಯದಲ್ಲೇ ಒಬ್ಬರೇ ದೂರದ ಊರಿಗೆ ಹೊರಟು ಹೋಗುತ್ತಿದ್ದೀರಿ ಅಂದುಕೊಳ್ಳಿ ಎಂದಾಗ, ಎಳೆಯರೂ ಮನೆಯವರ ಕಡೆ ವಾಲಿದರು. ಹೊಸ ಚಿಕಿತ್ಸೆ ಬಂದಿದೆ, ನೀವು ಇನ್ನೂ ಇಪ್ಪತ್ತು ವರ್ಷ ಹೆಚ್ಚು ಬದುಕುತ್ತೀರಿ ಎಂದು ಡಾಕ್ಟರು ಫೋನ್ ಮಾಡಿದ್ದಾರೆ ಅಂದುಕೊಳ್ಳಿ ಎಂದಾಗ, ವಯಸ್ಸಾದವರ ಆ ಒಲವು ಇಲ್ಲವಾಯಿತು. ಮನಸ್ಸು ನೋಡುತ್ತಿದ್ದದ್ದು ಕಳೆದ ವರ್ಷಗಳನ್ನಲ್ಲ, ಮುಂದೆ ಎಷ್ಟು ಉಳಿದಿದೆ ಎಂಬುದನ್ನು. ಹಾಂಗ್‌ಕಾಂಗ್ 1997ರಲ್ಲಿ ಚೀನಾದ ಕೈಗೆ ಹೋಗಲು ಎರಡು ತಿಂಗಳಿದ್ದಾಗಲೂ ಇದೇ ಕಂಡಿತು: ಅಲ್ಲಿನ ಎಳೆಯರು ವೃದ್ಧರ ಹಾಗೆ ಹತ್ತಿರದವರನ್ನು ಆರಿಸಿದರು. ಒಂದು ವರ್ಷದ ಮೇಲೆ ಕೇಳಿದರೆ ಮತ್ತೆ ಮೊದಲಿನಂತೆ.

ನರೆ ಮತ್ತು ಮೊಮ್ಮಗು ಮಾಡುವುದೂ ಅದನ್ನೇ, ಉಳಿದದ್ದು ಕಡಿಮೆ ಎಂದು ತೋರಿಸಿಕೊಡುತ್ತವೆ. ಇಲ್ಲಿಯವರೆಗೆ ಶಾಸ್ತ್ರ, ಮನೋವಿಜ್ಞಾನ ಎರಡರದ್ದೂ ಒಂದೇ ದಾರಿ. ಆದರೆ ಇಲ್ಲಿಂದ ಕವಲು. ಉಳಿದದ್ದು ಕಡಿಮೆ ಎಂದು ಗೊತ್ತಾದಾಗ ಮನುಷ್ಯರು ದೂರದ ಪರಿಚಯಗಳನ್ನು ಬಿಟ್ಟು ಹತ್ತಿರದವರನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ವಾನಪ್ರಸ್ಥ ಮೊದಲು ಬಿಡು ಅನ್ನುವುದು ಆ ಹತ್ತಿರದವರನ್ನೇ. ಶಾಸ್ತ್ರ ಮನುಷ್ಯಸ್ವಭಾವವನ್ನು ಕಂಡು ವರ್ಣಿಸಿದ್ದಲ್ಲ, ಅದರ ಎದುರು ಈಜಲು ಹೇಳಿದ್ದು. ಹಾಗಾಗಿ ಅದನ್ನು 'ವೈಜ್ಞಾನಿಕ' ಎಂದು ಕರೆದರೆ ವಿಜ್ಞಾನಕ್ಕೂ ಅನ್ಯಾಯ, ಆ ಆದರ್ಶದ ಕಷ್ಟಕ್ಕೂ ಅನ್ಯಾಯ.

ಜೀವವಿಕಾಸದ ಕಡೆಯಿಂದ ನೋಡಿದರೆ ಈ ಕವಲು ಇನ್ನೂ ಅಗಲವಾಗುತ್ತದೆ. ಮುಟ್ಟು ನಿಂತ ಮೇಲೂ ಹೆಣ್ಣು ದಶಕಗಟ್ಟಲೆ ಬದುಕುವುದು ಪ್ರಾಣಿಗಳಲ್ಲಿ ಬಲು ಅಪರೂಪ. ಕೆಲವು ತಿಮಿಂಗಿಲ ಜಾತಿಗಳಲ್ಲಿ ಇದೆ, ನಮ್ಮಲ್ಲಿದೆ. ಯಾಕೆ? ತಾಂಜಾನಿಯಾದ ಹಾಡ್ಜಾ ಜನರಲ್ಲಿ ಅಜ್ಜಿಯರು ಗಟ್ಟಿ ನೆಲ ಅಗೆದು ಗೆಡ್ಡೆ ತೆಗೆದು ಮೊಮ್ಮಕ್ಕಳಿಗೆ ಉಣಿಸುವುದನ್ನು ಕಂಡ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್, ಉತ್ತರ ಇಲ್ಲೇ ಇದೆ ಎಂದು ವಾದಿಸಿದರು. ಎಲ್ಲರೂ ಒಪ್ಪಿದ ವಾದ ಅಲ್ಲ ಇದು. ಆದರೂ 2004ರಲ್ಲಿ ಫಿನ್ಲೆಂಡ್ ಮತ್ತು ಕೆನಡಾದ ಹಳೆಯ ಚರ್ಚ್ ದಾಖಲೆಗಳಿಂದ ಒಂದು ಲೆಕ್ಕ ಹೊರಬಂತು: ಹೆಣ್ಣು ಐವತ್ತರ ನಂತರ ಬದುಕಿದ ಪ್ರತಿ ಹತ್ತು ವರ್ಷಕ್ಕೆ ಅವಳ ವಂಶದಲ್ಲಿ ಎರಡು ಮೊಮ್ಮಕ್ಕಳು ಹೆಚ್ಚು. ಅದೇ ತಂಡ ಫಿನ್ಲೆಂಡಿನ ದಾಖಲೆಗಳಲ್ಲಿ ಅಜ್ಜಂದಿರನ್ನು ಹುಡುಕಿದಾಗ ಅಂಥ ಲಾಭ ಕಾಣಲಿಲ್ಲ.

ಈಗ ಮನುವಿನ ಆರನೇ ಅಧ್ಯಾಯದ ಮೂರನೇ ಶ್ಲೋಕಕ್ಕೆ ಬನ್ನಿ. ಮೊಮ್ಮಗುವನ್ನು ಕಂಡವನು ಹೊರಡುವಾಗ ಹೆಂಡತಿಯನ್ನು ಏನು ಮಾಡಬೇಕು? 'ಪುತ್ರೇಷು ಭಾರ್ಯಾಂ ನಿಕ್ಷಿಪ್ಯ', ಮಕ್ಕಳ ಕೈಗೆ ಒಪ್ಪಿಸಿ ಹೋಗಲಿ, 'ಸಹೈವ ವಾ', ಇಲ್ಲವೇ ಜೊತೆಗೆ ಕರೆದುಕೊಂಡು ಹೋಗಲಿ. ಅಜ್ಜ ಒಬ್ಬನೇ ಹೋದ ಮನೆಯಲ್ಲಿ ಬಾಣಂತಿಗೆ ಬಿಸಿನೀರು ಕಾಯಿಸಲು, ಕೂಸಿಗೆ ಎಣ್ಣೆ ನೀವಲು, ದೊಡ್ಡ ಮಗುವಿಗೆ ಅನ್ನ ಕಲಸಲು ಅಜ್ಜಿ ಉಳಿಯುತ್ತಿದ್ದಳು. ಇಬ್ಬರೂ ಹೋದ ಮನೆಯಲ್ಲಿ ಆ ಕೆಲಸ ಯಾರದ್ದು ಎಂದು ಶ್ಲೋಕ ಹೇಳುವುದಿಲ್ಲ.