ಚೆಕರ್‌ನಲ್ಲಿ 38% ಬಂದಿದೆ, ಮಗಳು ಕಾಪಿ ಹೊಡೆದಿದ್ದಾಳಾ?

ಪ್ರಶ್ನೆ: ಮಗಳು ನೀರಿನ ಚಕ್ರದ ಬಗ್ಗೆ ಪ್ರಬಂಧ ಬರೆದು ಆನ್‌ಲೈನ್‌ನಲ್ಲಿ ಸಲ್ಲಿಸಿದ್ದಳು. ನಕಲು ಇದೆಯೇ ಎಂದು ನೋಡುವ ಚೆಕರ್‌ನಲ್ಲಿ 38% ಬಂದಿದೆ ಎಂದು ಟೀಚರ್ ಮೆಸೇಜ್ ಕಳಿಸಿದ್ದಾರೆ. ಅವಳು "ನಾನೇ ಬರೆದಿದ್ದು" ಎಂದು ಅಳುತ್ತಿದ್ದಾಳೆ. 38% ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕದ್ದಿದ್ದು ಅಂತ ತಾನೇ? ಎಷ್ಟು ಪರ್ಸೆಂಟ್‌ವರೆಗೆ ಪರವಾಗಿಲ್ಲ?

ಉತ್ತರ: ಅಲ್ಲ. ಈ ಒಂದು ಪದವನ್ನು ಎಷ್ಟು ಪೋಷಕರಿಗೆ ಹೇಳಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಪರೀಕ್ಷೆಯ ಅಂಕ ನೋಡಿ ನೋಡಿ ನಮಗೆಲ್ಲ ಪರ್ಸೆಂಟ್ ಕಂಡ ಕೂಡಲೇ ತೀರ್ಪು ಬಂದಂತೆ ಅನ್ನಿಸುತ್ತದೆ. ಇದು ತೀರ್ಪಲ್ಲ. ಪ್ರಬಂಧದ ನೂರು ಪದಗಳಲ್ಲಿ 38 ಪದಗಳು ಬೇರೆಲ್ಲೋ ಇರುವ ಬರಹದ ಜೊತೆ ಸಾಲುಸಾಲಾಗಿ ಹೊಂದಿಕೊಂಡಿವೆ, ಅಷ್ಟೇ. ಯಾಕೆ ಹೊಂದಿಕೊಂಡವು ಎಂಬುದು ಚೆಕರ್‌ಗೆ ಗೊತ್ತಿಲ್ಲ.

ಅದು ಮಾಡುವ ಕೆಲಸ ಇಷ್ಟು: ಮಗು ಬರೆದದ್ದನ್ನು ಸಣ್ಣ ಸಣ್ಣ ತುಂಡು ಮಾಡಿ, ವೆಬ್ ಪುಟಗಳು, ಲೇಖನಗಳು, ಹಿಂದೆ ಬೇರೆ ವಿದ್ಯಾರ್ಥಿಗಳು ಸಲ್ಲಿಸಿದ ಪ್ರಬಂಧಗಳು, ಇವುಗಳ ರಾಶಿಯಲ್ಲಿ ಹುಡುಕುತ್ತದೆ. ಸಿಕ್ಕಿದ್ದಕ್ಕೆ ಬಣ್ಣ ಬಳಿಯುತ್ತದೆ. ಬಹಳ ಕಡೆ ಬಳಸುವ ಟರ್ನಿಟಿನ್ ಕಂಪನಿಯವರೇ ತಮ್ಮ ಸಾಫ್ಟ್‌ವೇರ್ ನಕಲನ್ನು ತೀರ್ಮಾನಿಸುವುದಿಲ್ಲ, ಹೋಲಿಕೆಯನ್ನಷ್ಟೇ ತೋರಿಸುತ್ತದೆ ಎನ್ನುತ್ತಾರೆ. ಮಾಡಿದವರೇ ಹೇಳುವ ಮಾತನ್ನು ಬಳಸುವವರು ಕೇಳುವುದಿಲ್ಲ, ಏನು ಮಾಡೋಣ.

ನಿಮ್ಮ ಮಗಳಂಥದೇ ಒಂದು ಪ್ರಬಂಧ ಇಟ್ಟುಕೊಂಡು ಲೆಕ್ಕ ಹಾಕೋಣ. ಒಟ್ಟು 500 ಪದ. 38% ಅಂದರೆ 190 ಪದಕ್ಕೆ ಬಣ್ಣ ಬಿದ್ದಿದೆ. ರಿಪೋರ್ಟ್ ತೆರೆದು ನೋಡಿದರೆ, ಮೊದಲ 60 ಪದ ಪ್ರಶ್ನೆ ಮತ್ತು ಸೂಚನೆಗಳು. ಟೀಚರ್ ಕೊಟ್ಟಿದ್ದನ್ನೇ ಮೇಲೆ ಅಂಟಿಸಿ, ಕೆಳಗೆ ಉತ್ತರ ಬರೆದಿದ್ದಾಳೆ. ತರಗತಿಯಲ್ಲಿ ಎಲ್ಲರೂ ಹಾಗೇ ಮಾಡಿರುತ್ತಾರೆ, ಹಾಗಾಗಿ ಎಲ್ಲರದ್ದೂ ಎಲ್ಲರ ಜೊತೆ ಹೊಂದುತ್ತದೆ. ಕೊನೆಯಲ್ಲಿ ನೋಡಿದ ಪುಸ್ತಕಗಳ ಪಟ್ಟಿ, 55 ಪದ. ಪುಸ್ತಕದ ಹೆಸರನ್ನು ಸ್ವಂತ ಮಾತಿನಲ್ಲಿ ಬರೆಯಲು ಆಗುತ್ತದೆಯೇ? ನಡುವೆ ಉದ್ಧರಣ ಚಿಹ್ನೆ ಹಾಕಿ, ಎಲ್ಲಿಂದ ಎಂದು ಹೇಳಿ ಕೊಟ್ಟ 30 ಪದ. ಅದು ತಪ್ಪಲ್ಲ, ಅಭ್ಯಾಸ ಮಾಡಿಸಬೇಕಾದದ್ದೇ ಅದು. ಇನ್ನೊಂದು 25 ಪದ ಅಲ್ಲಲ್ಲಿ ಚೆಲ್ಲಿಕೊಂಡಿವೆ: "ಸಮುದ್ರದ ನೀರು ಬಿಸಿಲಿಗೆ ಆವಿಯಾಗಿ" ಎಂಬಂಥ ತುಣುಕುಗಳು. ಈ ವಿಷಯದ ಬಗ್ಗೆ ಬರೆಯುವ ಯಾವ ಮಗುವೂ ಇದನ್ನು ಬಿಟ್ಟು ಬೇರೆ ಹೇಗೆ ಬರೆಯಬೇಕು?

ಈಗ ಕೂಡಿಸಿ: 60, 55, 30, 25. ಒಟ್ಟು 170. ಉಳಿದದ್ದು 20 ಪದ. ಅದು ಯಾವುದೋ ವೆಬ್ ಪುಟದ ಒಂದು ಪೂರ್ತಿ ವಾಕ್ಯ. ಎರಡು ಪದ ಬದಲಾಗಿವೆ, ಮಿಕ್ಕದ್ದು ಹಾಗೇ ಇದೆ. ಉದ್ಧರಣ ಚಿಹ್ನೆ ಇಲ್ಲ, ಮೂಲದ ಹೆಸರೂ ಇಲ್ಲ. ಮಾತಾಡಬೇಕಾದದ್ದು ಇದರ ಬಗ್ಗೆ. ಪ್ರಬಂಧದ 4%. ಮಗಳನ್ನು ಕೂರಿಸಿ ಈ ವಾಕ್ಯ ಎಲ್ಲಿಂದ ಬಂತು ಎಂದು ಕೇಳಿ. ನೋಟ್ಸ್ ಮಾಡುವಾಗ ಬರೆದಿಟ್ಟುಕೊಂಡದ್ದು ಹಾಗೇ ಬಂದಿರಬಹುದು. ಬೇಕೆಂದೇ ಎತ್ತಿದ್ದೂ ಇರಬಹುದು. ಎರಡಕ್ಕೂ ಪರಿಹಾರ ಒಂದೇ: ಪುಟ ಮುಚ್ಚಿಟ್ಟು ಆ ವಿಷಯವನ್ನು ಮತ್ತೆ ಬರೆಯಬೇಕು, ಮೂಲ ಹೇಳಬೇಕು.

"ಹಾಗಾದರೆ ಎಷ್ಟು ಪರ್ಸೆಂಟ್‌ವರೆಗೆ ಸುರಕ್ಷಿತ?" ಇದೇ ನೋಡಿ, ಬಿಟ್ಟೇನೆಂದರೂ ಬಿಡದ ಪ್ರಶ್ನೆ. ಅಂಥ ಗೆರೆ ಇಲ್ಲ. ಟರ್ನಿಟಿನ್‌ನಲ್ಲಿ 24%ವರೆಗೆ ಹಸಿರು ಬಣ್ಣ ಬರುತ್ತದೆ, 75% ಮುಟ್ಟಿದರೆ ಕೆಂಪು. ಹಸಿರು ಕಂಡರೆ ಮನೆಯಲ್ಲಿ ಸಮಾಧಾನ, ಕೆಂಪು ಕಂಡರೆ ರಣರಂಗ. ಆದರೆ 6% ಬಂದ ಪ್ರಬಂಧದಲ್ಲಿ ಆ 6% ಪೂರ್ತಿ ಒಂದೇ ಕಡೆ, ಕೊನೆಯ ಪ್ಯಾರಾ ಆಗಿದ್ದರೆ? ವಿಷಯದ ತಿರುಳನ್ನೇ ಎತ್ತಿದಂತಾಯಿತು. ಹಸಿರೇ ಆದರೂ ಅದು ನಕಲೇ. ಮೇಲಿನ 38% ಅದಕ್ಕಿಂತ ಎಷ್ಟೋ ವಾಸಿ.

ಹಾಗಾಗಿ ಮೊತ್ತ ನೋಡಬೇಡಿ, ಪಕ್ಕದಲ್ಲಿರುವ ಮೂಲಗಳ ಪಟ್ಟಿ ನೋಡಿ. ಇಪ್ಪತ್ತು ಮೂಲಗಳಿಂದ ತಲಾ 1% ಬಂದಿದ್ದರೆ ಅದು ಬಹುಪಾಲು ಎಲ್ಲರೂ ಬಳಸುವ ಮಾತುಗಳು. ಒಂದೇ ಮೂಲದಿಂದ 15% ಬಂದಿದ್ದು, ಅದೂ ಒಂದೇ ಬಣ್ಣದಲ್ಲಿ ಪ್ಯಾರಾಗಟ್ಟಲೆ ಇದ್ದರೆ ಆಗ ಕೂತು ಮಾತಾಡಿ.

ಟೀಚರ್‌ಗೆ ಏನು ಬರೆಯಬೇಕು? ಜಗಳ ಬೇಡ. "ಪೂರ್ತಿ ರಿಪೋರ್ಟ್ ಕಳಿಸುತ್ತೀರಾ?" ಎಂದು ಕೇಳಿ. ಉದ್ಧರಣೆ, ಪುಸ್ತಕಪಟ್ಟಿ ಮತ್ತು ತೀರಾ ಸಣ್ಣ ಹೊಂದಿಕೆಗಳನ್ನು ಲೆಕ್ಕದಿಂದ ತೆಗೆಯುವ ಸೌಲಭ್ಯ ಅದರಲ್ಲೇ ಇದೆ, ಅದನ್ನು ಹಾಕಿ ನೋಡಿದ್ದಾರಾ ಎಂದೂ ಕೇಳಿ. ಎಷ್ಟೋ ಸಲ ಹಾಕಿರುವುದಿಲ್ಲ. ಟೀಚರ್ ಮುಂದೆ ನಲವತ್ತು ರಿಪೋರ್ಟ್ ಬಿದ್ದಿರುತ್ತವೆ, ಅವರದ್ದೂ ತಪ್ಪು ಅನ್ನಲಾಗದು. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಇನ್ನೂ ಸುಲಭ. `File > Version history > See version history` ತೆರೆದರೆ ಪ್ರಬಂಧ ಹೇಗೆ ಬೆಳೆಯಿತು ಎಂದು ಕಾಣುತ್ತದೆ. ಅಳಿಸಿದ್ದು, ತಿದ್ದಿದ್ದು, ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸಿದ್ದು ಅದರಲ್ಲಿ ಸಿಗುತ್ತದೆ. ಒಂದೇ ಏಟಿಗೆ ಮೂರು ಪ್ಯಾರಾ ಬಂದು ಕೂತಿದ್ದರೆ ಅದೂ ಸಿಗುತ್ತದೆ, ಆದ್ದರಿಂದ ಕಳಿಸುವ ಮೊದಲು ನೀವು ನೋಡಿ.

ಒಂದು ಎಚ್ಚರಿಕೆ. ಟೀಚರ್ ಹೇಳಿದ 38% ಈ ಹೋಲಿಕೆಯದ್ದೋ, "ಎಐ ಬರೆದಿದ್ದು" ಎಂದು ಊಹಿಸುವ ಇನ್ನೊಂದು ಸಂಖ್ಯೆಯೋ, ಮೊದಲೇ ಕೇಳಿಕೊಳ್ಳಿ. ಎರಡೂ ಬೇರೆ. ಹೋಲಿಕೆಯಲ್ಲಿ ಮೂಲ ತೆರೆದು ಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಎಐ ಸಂಖ್ಯೆಗೆ ತೋರಿಸಲು ಮೂಲವೇ ಇಲ್ಲ, ಅದು ಬರಹದ ಧಾಟಿ ನೋಡಿ ಮಾಡಿದ ಅಂದಾಜು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದೊಂದು ಪತ್ತೆ ಉಪಕರಣ ತಂದು, ನಿಖರತೆ ಸಾಲದು ಎಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಆ ಸಂಖ್ಯೆಯೊಂದನ್ನೇ ಹಿಡಿದು ಮಗುವನ್ನು ಕಳ್ಳಿ ಅನ್ನಲು ಬಿಡಬೇಡಿ.

ಇನ್ನು ನೀವು ಕೇಳದ ಒಂದು ವಿಷಯ. ಮುಂದಿನ ಸಲ ಮನೆಯಲ್ಲೇ ಮೊದಲು ಚೆಕ್ ಮಾಡಿಬಿಡೋಣ ಅಂತ ನಿಮಗೆ ಅನ್ನಿಸೇ ಅನ್ನಿಸುತ್ತದೆ. ಉಚಿತ ಚೆಕರ್‌ಗಳು ಹೆಚ್ಚಾಗಿ ವೆಬ್ ಮಾತ್ರ ಹುಡುಕುತ್ತವೆ, ಶಾಲೆಯ ಚೆಕರ್ ಹಳೆಯ ಪ್ರಬಂಧಗಳನ್ನೂ ಹುಡುಕುತ್ತದೆ. ಹಾಗಾಗಿ ಸಂಖ್ಯೆ ಹೊಂದುವುದೇ ಇಲ್ಲ. ಅದಕ್ಕಿಂತ ಕಿರಿಕಿರಿಯದ್ದು ಇದು: ಬೇರೆ ಯಾರದೋ ಖಾತೆಯಿಂದ ಪ್ರಬಂಧವನ್ನು ಟರ್ನಿಟಿನ್‌ಗೆ ಹಾಕಿಸಿ, ಅದು ಅಲ್ಲಿ ಉಳಿದುಕೊಂಡರೆ, ಮಗು ಸಲ್ಲಿಸುವಾಗ ತನ್ನದೇ ಪ್ರಬಂಧದ ಜೊತೆ ಸುಮಾರು 100% ಹೊಂದಿಬಿಡುತ್ತದೆ. ಆಮೇಲೆ ಅದನ್ನು ವಿವರಿಸುವ ಪಾಡು ನಿಮ್ಮದು.

ಸಂಖ್ಯೆ ಇಳಿಸಲು ಪದ ಬದಲಿಸುವ ಆಟವೂ ಬೇಡ. "ನೀರಿನ ಚಕ್ರ" ಇದ್ದದ್ದು "ಜಲದ ಗಾಲಿ" ಆಗಿ ಬಂದ ಉತ್ತರಗಳನ್ನು ನಾನು ತಿದ್ದಿದ್ದೇನೆ. ಚೆಕರ್ ಸುಮ್ಮನಾಗಿತ್ತು, ನಾನು ಆಗಲಿಲ್ಲ.